480 ಬರಬೇಕಾದ ಕಡೆ ಬೇರೆ ಸಂಖ್ಯೆ ಬಂದರೆ: ವಿಲೋಮವಿರುವ 2×2 ಮ್ಯಾಟ್ರಿಕ್ಸ್‌ಗಳ ಎಣಿಕೆಯಲ್ಲಿ ದೋಷ ಹುಡುಕುವ ಬಗೆ

p ಅಂಶಗಳಿರುವ ಫೀಲ್ಡ್ ತೆಗೆದುಕೊಳ್ಳಿ. ಇಲ್ಲಿ p ಒಂದು ಅವಿಭಾಜ್ಯ ಸಂಖ್ಯೆ. 0 ಇಂದ p − 1 ವರೆಗಿನ ಸಂಖ್ಯೆಗಳನ್ನು ಕೂಡಿಸಿ, ಗುಣಿಸಿ, p ಇಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದೇ ಅದರ ಲೆಕ್ಕ. ಆ ಅಂಶಗಳನ್ನು ತುಂಬಿದ 2×2 ಮ್ಯಾಟ್ರಿಕ್ಸ್‌ಗಳಲ್ಲಿ ವಿಲೋಮ ಇರುವವು ಎಷ್ಟು ಎಂಬುದು ಪ್ರಶ್ನೆ. ಉತ್ತರ ಒಂದೇ ಸಾಲಿನದು:

```
(p² − 1)(p² − p)
```

ಬಸವನಗುಡಿಯಲ್ಲಿ ಸಂಜೆ ಹೊತ್ತು ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೂ ನೆಟ್ ಪರೀಕ್ಷೆಗೂ ಓದುವವರಿಗೆ ನಾನು ಆಲ್ಜಿಬ್ರಾ ಹೇಳಿಕೊಡುತ್ತೇನೆ. ಈ ಒಂದು ಲೆಕ್ಕದಲ್ಲಿ ಬರುವಷ್ಟು ಬಗೆಬಗೆಯ ತಪ್ಪು ಉತ್ತರಗಳನ್ನು ಬೇರೆ ಯಾವ ಲೆಕ್ಕದಲ್ಲೂ ನಾನು ನೋಡಿಲ್ಲ. ಒಳ್ಳೆಯ ಸುದ್ದಿ ಏನೆಂದರೆ ಈ ತಪ್ಪುಗಳು ಮರೆಯಾಗಿ ಕೂರುವಂಥವಲ್ಲ. p = 5 ಇಟ್ಟು ಲೆಕ್ಕ ಮಾಡಿದರೆ ಮುಖ್ಯವಾದ ಪ್ರತಿ ತಪ್ಪೂ ಒಂದು ಗುರುತಿನ ಸಂಖ್ಯೆ ಬಿಟ್ಟುಕೊಡುತ್ತದೆ. ಆ ಸಂಖ್ಯೆ ನೋಡಿಯೇ ಯಾವ ಹೆಜ್ಜೆಯಲ್ಲಿ ಜಾರಿದ್ದೀರಿ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಈ ಬರಹ ಅದಕ್ಕಾಗಿ.

ಮೊದಲು: 2 ಮತ್ತು 3 ಇಟ್ಟು ಪರೀಕ್ಷಿಸಿ ನಿಲ್ಲಿಸಬೇಡಿ

ಸೂತ್ರ ಸರಿಯೇ ಎಂದು ನೋಡಲು ಎಲ್ಲರೂ ಮೊದಲು ಇಡುವುದು p = 2. ಆಗ ಸರಿಯುತ್ತರ 6. ಒಟ್ಟು ಮ್ಯಾಟ್ರಿಕ್ಸ್‌ಗಳೇ 16, ಕೈಯಲ್ಲಿ ಬರೆದು ಎಣಿಸಬಹುದು, ಅದಕ್ಕೇ ಎಲ್ಲರಿಗೂ ಅದು ಇಷ್ಟ. ಆದರೆ 2 ತೀರಾ ಚಿಕ್ಕದು. p = 2 ಆದಾಗ p² − p ಕೂಡ 2, p² − 2 ಕೂಡ 2. ಹೀಗಾಗಿ (p² − 1)(p² − 2) ಎಂಬ ತಪ್ಪು ಸೂತ್ರವೂ 6 ಕೊಟ್ಟು ಪಾಸಾಗಿಬಿಡುತ್ತದೆ. ಪ್ರೋಗ್ರಾಂನಲ್ಲಿ ಶೇಷ ತೆಗೆಯುವುದನ್ನೇ ಮರೆತರೂ p = 2 ಗೆ ಉತ್ತರ 6 ಬರುತ್ತದೆ.

p = 3 ಸ್ವಲ್ಪ ವಾಸಿ, ಅಲ್ಲಿ ಸರಿಯುತ್ತರ 48. ಆದರೂ ಅಲ್ಲೊಂದು ಕಾಕತಾಳೀಯ ಇದೆ. 48ರ ಅರ್ಧ 24. ಡಿಟರ್ಮಿನೆಂಟ್ 1 ಇರುವ ಮ್ಯಾಟ್ರಿಕ್ಸ್‌ಗಳೂ 24. ಎರಡು ಬೇರೆ ಬೇರೆ ತಪ್ಪುಗಳು ಒಂದೇ ಸಂಖ್ಯೆಯ ಹಿಂದೆ ಅಡಗಿಕೊಳ್ಳುತ್ತವೆ.

p = 5 ಇಟ್ಟರೆ ಇವೆಲ್ಲ ಬೇರೆಬೇರೆಯಾಗುತ್ತವೆ. ಒಟ್ಟು ಮ್ಯಾಟ್ರಿಕ್ಸ್‌ಗಳು 625, ವಿಲೋಮ ಇರುವವು 24 × 20 = 480, ಇಲ್ಲದವು 145. ಇನ್ನು ಮುಂದೆ ಈ ಮೂರು ಸಂಖ್ಯೆಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಓದಿ.

576, 552 ಅಥವಾ 456 ಬಂದಿದ್ದರೆ: ದೋಷ ಎರಡನೇ ಸಾಲಿನಲ್ಲಿದೆ

ಮೂರೂ ಸಂಖ್ಯೆಗಳು 24ರಿಂದ ಭಾಗವಾಗುತ್ತವೆ. ಅಂದರೆ ಮೊದಲ ಸಾಲನ್ನು ನೀವು ಸರಿಯಾಗಿ ಎಣಿಸಿದ್ದೀರಿ. ಮೊದಲ ಸಾಲು (0, 0) ಒಂದು ಬಿಟ್ಟು ಏನು ಬೇಕಾದರೂ ಇರಬಹುದು, ಆದ್ದರಿಂದ 25 − 1 = 24. ಅದಕ್ಕೆ ಕೈ ಹಚ್ಚಬೇಡಿ. ನಿಮ್ಮ ಸಂಖ್ಯೆಯನ್ನು 24ರಿಂದ ಭಾಗಿಸಿ: 576ಕ್ಕೆ 24, 552ಕ್ಕೆ 23, 456ಕ್ಕೆ 19 ಸಿಗುತ್ತದೆ. ಸಿಗಬೇಕಾದದ್ದು 20.

24 ಸಿಕ್ಕಿದ್ದರೆ ಎರಡನೇ ಸಾಲಿನಿಂದಲೂ (0, 0) ಒಂದನ್ನೇ ಕೈಬಿಟ್ಟಿದ್ದೀರಿ. ಎರಡು ಸಾಲುಗಳ ನಡುವೆ ಯಾವ ಸಂಬಂಧವೂ ಇಲ್ಲವೆಂದು ಎಣಿಸಿದ ಹಾಗಾಯಿತು. 23 ಸಿಕ್ಕಿದ್ದರೆ ಸಂಬಂಧ ಇದೆ ಎಂದು ನೆನಪಾಗಿದೆ, ಆದರೆ ಎರಡೂ ಸಾಲು ಒಂದೇ ಆಗಬಾರದು ಎಂಬಲ್ಲಿಗೆ ನಿಲ್ಲಿಸಿದ್ದೀರಿ. (0, 0) ಒಂದು, ಮೊದಲ ಸಾಲೇ ಮತ್ತೊಂದು, ಒಟ್ಟು ಎರಡು ಕಳೆದು 23.

19ರ ಕಥೆ ಬೇರೆ, ಮತ್ತು ಚೆನ್ನಾಗಿ ಓದಿಕೊಂಡವರಲ್ಲೇ ಇದು ಹೆಚ್ಚು. ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು 456 ಬರೆದುಕೊಂಡು ಬಂದಿದ್ದಳು. ಹೆಜ್ಜೆ ಹೆಜ್ಜೆಗೂ ವಿವರಣೆ ಬರೆದಿದ್ದ ಅಚ್ಚುಕಟ್ಟಾದ ಹಾಳೆ. "ಸರ್, ಎರಡನೇ ಸಾಲು ಮೊದಲನೇದರ ಗುಣಕ ಆಗಬಾರದು, ಅದಕ್ಕೆ 5 ಕಳೆದೆ. ಸೊನ್ನೆ ಸಾಲೂ ಆಗಬಾರದಲ್ವಾ, ಅದಕ್ಕೆ ಇನ್ನೊಂದು ಕಳೆದೆ" ಅಂದಳು. ಎರಡು ಮಾತೂ ಒಂದೊಂದಾಗಿ ನಿಜ. ಮೊದಲ ಸಾಲು (1, 2) ಅಂದುಕೊಂಡು ಅದರ ಗುಣಕಗಳನ್ನೆಲ್ಲ ಬರೆಯಮ್ಮ ಎಂದೆ. ಬರೆದಳು:

```
0·(1,2) = (0,0)
1·(1,2) = (1,2)
2·(1,2) = (2,4)
3·(1,2) = (3,1)
4·(1,2) = (4,3)
```

ಮೊದಲ ಗೆರೆಯಲ್ಲೇ (0, 0) ಕೂತಿದೆ. ಸೊನ್ನೆಯೂ ಫೀಲ್ಡ್‌ನ ಒಂದು ಅಂಶ, ಅದರಿಂದ ಗುಣಿಸಿದರೆ ಬರುವುದೇ ಸೊನ್ನೆ ಸಾಲು. ಐದು ಗುಣಕಗಳನ್ನು ಕಳೆದಾಗಲೇ ಅದು ಹೋಯಿತು, ಮತ್ತೊಮ್ಮೆ ಕಳೆದದ್ದು ತಪ್ಪು. ಉಳಿಯುವುದು 25 − 5 = 20.

ಇದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಐದು ಗುಣಕಗಳೂ ಬೇರೆ ಬೇರೆಯಾಗಿವೆ, ಯಾವುದೂ ಎರಡು ಸಲ ಬಂದಿಲ್ಲ. ಇದು ತಾನೇ ತಾನಾಗಿ ಆಗುವುದಲ್ಲ. s·v ಮತ್ತು t·v ಒಂದೇ ಆದರೆ (s − t)·v ಸೊನ್ನೆ ಸಾಲು. v ಯಲ್ಲಿ ಸೊನ್ನೆಯಲ್ಲದ ಒಂದು ಅಂಶ ಇದ್ದೇ ಇದೆ. ಫೀಲ್ಡ್‌ನಲ್ಲಿ ಸೊನ್ನೆಯಲ್ಲದ ಎರಡರ ಗುಣಲಬ್ಧ ಸೊನ್ನೆಯಾಗದು, ಹಾಗಾಗಿ s = t. ಇಲ್ಲಿ ಎರಡು ಆಧಾರಗಳ ಮೇಲೆ ನಿಂತಿದ್ದೇವೆ: ಮೊದಲ ಸಾಲು ಸೊನ್ನೆಯಲ್ಲ ಎಂಬುದು, ಮತ್ತು 5 ಅವಿಭಾಜ್ಯ ಎಂಬುದು. ಇವುಗಳಲ್ಲಿ ಯಾವುದು ಕುಸಿದರೂ "p ಗುಣಕಗಳು" ಎಂಬ ಮಾತು ಬಿದ್ದುಹೋಗುತ್ತದೆ. ಮುಂದೆ ಎರಡೂ ಕಡೆ ಇದು ನಮಗೆ ಎದುರಾಗುತ್ತದೆ.

500 ಬಂದಿದ್ದರೆ: ಎರಡು ಕಾರಣ ಸಾಧ್ಯ, ಎರಡನ್ನೂ ನೋಡಿ

ಒಂದೇ ತಪ್ಪು ಸಂಖ್ಯೆಗೆ ಎರಡು ದಾರಿ ಇರುವುದರಿಂದ 500 ಬಂದಾಗ ಸ್ವಲ್ಪ ನಿಧಾನಿಸಬೇಕು.

ಮೊದಲ ದಾರಿಯಲ್ಲಿ ವಿಲೋಮ ಇಲ್ಲದವನ್ನು ಎಣಿಸಿ 625ರಿಂದ ಕಳೆಯುತ್ತಾರೆ. ಮೊದಲ ಸಾಲಿಗೆ 25 ಆಯ್ಕೆ, ಎರಡನೆಯದು ಅದರ ಗುಣಕವಾಗಬೇಕು, ಅದಕ್ಕೆ 5 ಆಯ್ಕೆ, ಒಟ್ಟು 125 ಎನ್ನುತ್ತಾರೆ. ಮೊದಲ ಸಾಲು ಸೊನ್ನೆಯಲ್ಲದಿದ್ದರೆ ಈ ಮಾತು ಸರಿ: 24 × 5 = 120. ಆದರೆ ಮೊದಲ ಸಾಲು (0, 0) ಆದಾಗ ಎರಡನೇ ಸಾಲು ಏನೇ ಇದ್ದರೂ ಮ್ಯಾಟ್ರಿಕ್ಸ್‌ಗೆ ವಿಲೋಮ ಇರುವುದಿಲ್ಲ. ಅಲ್ಲಿ 25 ಆಯ್ಕೆ ಇರಬೇಕು. ಸೊನ್ನೆ ಸಾಲಿನ ಐದು ಗುಣಕಗಳೂ ಒಂದೇ ಸೊನ್ನೆ ಸಾಲು, ಆದ್ದರಿಂದ ಗುಣಕದ ಲೆಕ್ಕ ಅಲ್ಲಿ ನಡೆಯುವುದೇ ಇಲ್ಲ. 120 + 25 = 145. ಇದು ಸರಿಯಾದ ಸಂಖ್ಯೆ, 625 − 145 = 480.

ಎರಡನೇ ದಾರಿಯಲ್ಲಿ ಡಿಟರ್ಮಿನೆಂಟ್‌ನ ಬೆಲೆ 0, 1, 2, 3, 4 ಇವುಗಳಲ್ಲಿ ಒಂದು, 625 ಮ್ಯಾಟ್ರಿಕ್ಸ್‌ಗಳು ಐದಕ್ಕೂ ಸಮನಾಗಿ ಹಂಚಿಹೋಗುತ್ತವೆ, ಒಂದೊಂದಕ್ಕೆ 125 ಎಂದುಕೊಳ್ಳುತ್ತಾರೆ. ಕೇಳಲು ಸಹಜವಾಗಿದೆ. ಆದರೆ ಹಂಚಿಕೆ ಸಮನಾಗಿಲ್ಲ. ಏಕೆ ಎಂದು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ, ಆದ್ದರಿಂದ ಇಲ್ಲಿ ಪೂರ್ತಿ ಬಿಡಿಸುತ್ತೇನೆ.

ಮ್ಯಾಟ್ರಿಕ್ಸ್‌ನ ಮೇಲಿನ ಸಾಲು a, b, ಕೆಳಗಿನ ಸಾಲು c, d ಎಂದಿರಲಿ. ಡಿಟರ್ಮಿನೆಂಟ್ ad − bc. ಮೊದಲು ad ಒಂದನ್ನೇ ನೋಡಿ. a, d ಆರಿಸಲು 25 ಬಗೆ ಇವೆ. ಅವುಗಳಲ್ಲಿ ad = 0 ಆಗುವುದು a ಸೊನ್ನೆ ಅಥವಾ d ಸೊನ್ನೆ ಇದ್ದಾಗ, ಅದು 9 ಬಗೆ. ಉಳಿದ 16 ಬಗೆ 1, 2, 3, 4 ಎಂಬ ನಾಲ್ಕು ಬೆಲೆಗೆ ನಾಲ್ಕು ನಾಲ್ಕರಂತೆ ಹಂಚಿಹೋಗುತ್ತವೆ. bc ಗೂ ಇದೇ ಲೆಕ್ಕ. ಅಸಮತೆ ಹುಟ್ಟುವುದು ಇಲ್ಲೇ, ಗುಣಾಕಾರಕ್ಕೆ ಸೊನ್ನೆಯ ಕಡೆ ಒಲವಿದೆ.

ಡಿಟರ್ಮಿನೆಂಟ್ 0 ಆಗಬೇಕಾದರೆ ad ಮತ್ತು bc ಒಂದೇ ಆಗಬೇಕು. ಎರಡೂ ಸೊನ್ನೆ ಆಗುವ ಬಗೆ 9 × 9 = 81. ಎರಡೂ 1, ಅಥವಾ ಎರಡೂ 2, ಹೀಗೆ ನಾಲ್ಕು ಸಂದರ್ಭ, ಒಂದೊಂದಕ್ಕೆ 4 × 4 = 16, ಒಟ್ಟು 64. ಕೂಡಿದರೆ 145.

ಡಿಟರ್ಮಿನೆಂಟ್ 1 ಆಗಬೇಕಾದರೆ ad ಯು bc ಗಿಂತ ಒಂದು ಹೆಚ್ಚಿರಬೇಕು. bc = 0, ad = 1 ಆಗುವುದು 9 × 4 = 36 ಬಗೆ. bc = 4, ad = 0 ಆಗುವುದು 4 × 9 = 36 ಬಗೆ. bc ಯು 1, 2 ಅಥವಾ 3 ಆದಾಗ ಒಂದೊಂದಕ್ಕೆ 16, ಒಟ್ಟು 48. ಮೂರನ್ನೂ ಕೂಡಿದರೆ 120.

2, 3, 4 ಇವಕ್ಕೂ 120 ಬರುತ್ತದೆ. ಮತ್ತೆ ಎಣಿಸಬೇಕಿಲ್ಲ: ಮೊದಲ ಸಾಲನ್ನು 2ರಿಂದ ಗುಣಿಸಿದರೆ ಡಿಟರ್ಮಿನೆಂಟ್ 1 ಇದ್ದದ್ದು 2 ಆಗುತ್ತದೆ, 3ರಿಂದ ಗುಣಿಸಿ ವಾಪಸ್ ಬರಬಹುದು, ಏಕೆಂದರೆ 2 × 3 = 6, ಶೇಷ 1. ಹೀಗೆ ಒಂದಕ್ಕೊಂದು ಜೋಡಿಯಾಗುವುದರಿಂದ ಎರಡೂ ಗುಂಪಿನ ಗಾತ್ರ ಒಂದೇ. ಸೊನ್ನೆಯಲ್ಲದ ಬೆಲೆಗಳ ನಡುವೆ ಹಂಚಿಕೆ ನಿಜಕ್ಕೂ ಸಮ, ಅಷ್ಟರ ಮಟ್ಟಿಗೆ ಆ ಊಹೆ ಸರಿ. ಸೊನ್ನೆಯನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದೇ ದೋಷ. 145 + 4 × 120 = 625, ಲೆಕ್ಕ ಕೂಡಿಬಂತು.

475 ಬಂದಿದ್ದರೆ

ಇದು ad = bc ಎಂಬ ಸಮೀಕರಣವನ್ನು ಸಂದರ್ಭ ಮಾಡಿ ಎಣಿಸುವವರ ತಪ್ಪು. a ಸೊನ್ನೆಯಲ್ಲದಿದ್ದರೆ b, c ಇಷ್ಟಬಂದಂತೆ ಆರಿಸಿ, d ತಾನಾಗಿ ನಿರ್ಧಾರವಾಗುತ್ತದೆ: 4 × 25 = 100. a ಸೊನ್ನೆಯಾದರೆ bc = 0 ಆಗಬೇಕು, d ಗೆ ಐದು ಆಯ್ಕೆ. ಈಗ bc = 0 ಎಷ್ಟು ಬಗೆ? b = 0 ಇಟ್ಟರೆ 5, c = 0 ಇಟ್ಟರೆ 5, ಒಟ್ಟು 10 ಎಂದು ಬರೆದರೆ ಎರಡೂ ಸೊನ್ನೆ ಇರುವುದು ಎರಡು ಸಲ ಎಣಿಕೆಗೆ ಬರುತ್ತದೆ. ಗಂಡಿನ ಕಡೆಯ ಪಟ್ಟಿಯಲ್ಲೂ ಹೆಣ್ಣಿನ ಕಡೆಯ ಪಟ್ಟಿಯಲ್ಲೂ ಹೆಸರಿರುವ ನೆಂಟರಿಗೆ ಎರಡು ಎಲೆ ಹಾಕಿದ ಹಾಗೆ. ನಿಜವಾದ ಸಂಖ್ಯೆ 9. ಆಗ 100 + 45 = 145. ಹತ್ತು ಅಂದುಕೊಂಡವರಿಗೆ 150 ಬಂದು, ಉತ್ತರ 475 ಆಗುತ್ತದೆ.

240 ಅಥವಾ 120 ಬಂದಿದ್ದರೆ

ಕೈಲೆಕ್ಕದಲ್ಲಿ 240 ಬಂದರೆ ಕೊನೆಯಲ್ಲಿ 2ರಿಂದ ಭಾಗಿಸಿದ್ದೀರಿ. "ಎರಡು ಸಾಲು ಆರಿಸುತ್ತಿದ್ದೇವೆ, ಕ್ರಮ ಲೆಕ್ಕಕ್ಕಿಲ್ಲ" ಎಂಬ ಸಂಯೋಜನೆಯ ಅಭ್ಯಾಸ ಕೈ ಎಳೆದಿರುತ್ತದೆ. ಇಲ್ಲಿ ಕ್ರಮ ಲೆಕ್ಕಕ್ಕಿದೆ. ಮೇಲೆ (1, 0), ಕೆಳಗೆ (0, 1) ಇಟ್ಟರೆ ಅದು ಏಕಮಾನ ಮ್ಯಾಟ್ರಿಕ್ಸ್. ಅದಲುಬದಲು ಮಾಡಿದರೆ ಡಿಟರ್ಮಿನೆಂಟ್ 4, ಬೇರೆಯೇ ಮ್ಯಾಟ್ರಿಕ್ಸ್.

ಪ್ರೋಗ್ರಾಂ ಬರೆದು 240 ಬಂದಿದ್ದರೆ ಕಾರಣ ಬೇರೆ. ಸಿ ಭಾಷೆಯಲ್ಲಿ ಋಣ ಸಂಖ್ಯೆಯ ಶೇಷ ಋಣವಾಗಿಯೇ ಬರುತ್ತದೆ. −1 ಅನ್ನು 5ರಿಂದ ಭಾಗಿಸಿ ಶೇಷ ಕೇಳಿದರೆ ಸಿ −1 ಎನ್ನುತ್ತದೆ, ಪೈಥಾನ್ 4 ಎನ್ನುತ್ತದೆ. ಆದ್ದರಿಂದ ಸಿ ಯಲ್ಲಿ ಹೀಗೆ ಬರೆದಿದ್ದರೆ ಋಣ ಡಿಟರ್ಮಿನೆಂಟ್ ಇರುವುದೆಲ್ಲ ಜಾರಿಹೋಗುತ್ತದೆ:

```c
if ((a*d - b*c) % p > 0) n++;
```

ಸಾಲುಗಳನ್ನು ಅದಲುಬದಲು ಮಾಡಿದರೆ ad − bc ಯ ಚಿಹ್ನೆ ಬದಲಾಗುತ್ತದೆ, ಹಾಗಾಗಿ ಧನ ಎಷ್ಟೋ ಋಣವೂ ಅಷ್ಟೇ. ಸರಿಯಾಗಿ ಅರ್ಧ ಕಳೆದುಹೋಗುವುದಕ್ಕೆ ಇದೇ ಕಾರಣ. `> 0` ತೆಗೆದು `!= 0` ಹಾಕಿದರೆ ಸಾಕು.

120 ಬಂದಿದ್ದರೆ ಡಿಟರ್ಮಿನೆಂಟ್ 1 ಇರುವವನ್ನು ಮಾತ್ರ ಎಣಿಸಿದ್ದೀರಿ. ಅದೂ ಒಂದು ಗ್ರೂಪ್, ಅದರ ಗಾತ್ರ p(p² − 1), ಆದರೆ ಕೇಳಿದ ಗ್ರೂಪ್ ಅದಲ್ಲ. ಸಿ ಯಲ್ಲಿ `== 1` ಎಂದು ಬರೆದವರಿಗೆ 120 ಕೂಡ ಸಿಗುವುದಿಲ್ಲ, ಅದಕ್ಕಿಂತ ಕಡಿಮೆ ಸಿಗುತ್ತದೆ. ಮೇಲೆ (0, 1), ಕೆಳಗೆ (4, 0) ಇಟ್ಟು ನೋಡಿ: ad − bc = −4. ಅದು 1ಕ್ಕೆ ಸಮ, ಆದರೆ ಸಿ ಅದರ ಶೇಷವನ್ನು −4 ಎಂದೇ ಕೊಡುತ್ತದೆ.

512 ಬಂದಿದ್ದರೆ: ಪ್ರೋಗ್ರಾಂನಲ್ಲಿ ಶೇಷ ಬಿಟ್ಟುಹೋಗಿದೆ

ಇದು ಕೆಲಸದ ಜೊತೆ ಓದುವ ಸಾಫ್ಟ್‌ವೇರ್ ಹುಡುಗರಲ್ಲಿ ನಾನು ಹೆಚ್ಚು ಕಾಣುವ ದೋಷ. 512 ಅಂದರೆ 2ರ ಒಂಬತ್ತನೇ ಘಾತ, ಆದ್ದರಿಂದ ಏನೋ ಒಳ ಅರ್ಥ ಇರಬೇಕು ಎಂದು ಅದರ ಹಿಂದೆ ಬೀಳುತ್ತಾರೆ. ಯಾವ ಅರ್ಥವೂ ಇಲ್ಲ, ಅದು ಬರಿಯ ಆಕಸ್ಮಿಕ. `a*d - b*c != 0` ಎಂದು ಬರೆದು `% p` ಹಾಕುವುದನ್ನು ಬಿಟ್ಟಿದ್ದಾರೆ, ಅಷ್ಟೆ.

ಸರಿಯಾದ ಪ್ರೋಗ್ರಾಂ ಇದು:

```python
from itertools import product

def count(p):
    n = 0
    for a, b, c, d in product(range(p), repeat=4):
        if (a*d - b*c) % p != 0:
            n += 1
    return n

print(count(2), count(3), count(5))
```

ಇದು `6 48 480` ಎಂದು ಅಚ್ಚು ಹಾಕಬೇಕು. `% p` ತೆಗೆದುಬಿಟ್ಟರೆ `6 50 512` ಬರುತ್ತದೆ. ಮೊದಲ ಸಂಖ್ಯೆ ಬದಲಾಗಿಲ್ಲ ನೋಡಿ. 0 ಮತ್ತು 1 ಮಾತ್ರ ಇರುವಾಗ ad − bc ಯು −1, 0, 1 ಬಿಟ್ಟು ಆಚೆ ಹೋಗಲಾರದು, 2 ಆಗುವ ಪ್ರಸಂಗವೇ ಇಲ್ಲ. p = 3 ರಲ್ಲಿ ಹೆಚ್ಚಾಗಿ ಬಂದ ಎರಡು ಯಾವುವೆಂದು ಕೈಯಲ್ಲೇ ಹುಡುಕಬಹುದು. ಮೇಲೆ (2, 1), ಕೆಳಗೆ (1, 2) ಇಟ್ಟರೆ 4 − 1 = 3. ಅದರ ಸಾಲುಗಳನ್ನು ಅದಲುಬದಲು ಮಾಡಿದರೆ −3. ಸಾಮಾನ್ಯ ಪೂರ್ಣಾಂಕಗಳಲ್ಲಿ ಇವು ಸೊನ್ನೆಯಲ್ಲ, ಮೂರು ಅಂಶಗಳ ಫೀಲ್ಡ್‌ನಲ್ಲಿ ಎರಡೂ ಸೊನ್ನೆ.

ಇನ್ನೊಂದು ಎಚ್ಚರಿಕೆ. `np.linalg.det` ಬಳಸಿ ಅದರ ಮೇಲೆ `% 5` ಹಾಕಬೇಡಿ. ಆ ಫಂಕ್ಷನ್ ದಶಮಾಂಶದಲ್ಲಿ ಲೆಕ್ಕ ಮಾಡುತ್ತದೆ. −2 ಬರಬೇಕಾದ ಕಡೆ −2.0000000000000004 ಎಂದು ಕೊಡುವುದು ಅದಕ್ಕೆ ಮಾಮೂಲು. ಹಾಗೆಯೇ 5 ಆಗಬೇಕಾದದ್ದು 5ಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೂ ಶೇಷ ಸೊನ್ನೆಯಾಗದೆ ಆ ಮ್ಯಾಟ್ರಿಕ್ಸ್ ಎಣಿಕೆಗೆ ಸೇರಿಬಿಡುತ್ತದೆ. 2×2 ಮ್ಯಾಟ್ರಿಕ್ಸ್‌ಗೆ `a*d - b*c` ಎಂದು ನೀವೇ ಬರೆದುಕೊಳ್ಳಿ.

4 ಇಟ್ಟು ಪರೀಕ್ಷಿಸಿದಾಗ ಸೂತ್ರ ಮತ್ತು ಪ್ರೋಗ್ರಾಂ ಜಗಳವಾಡಿದರೆ

ಸೂತ್ರದಲ್ಲಿ 4 ಹಾಕಿದರೆ 15 × 12 = 180. ಮೇಲಿನ ಪ್ರೋಗ್ರಾಂಗೆ `count(4)` ಎಂದರೆ 168. ಪ್ರತಿಸಲ ಯಾರಾದರೊಬ್ಬರು ಈ ಎರಡನ್ನೂ ಹಿಡಿದುಕೊಂಡು ಯಾವುದು ಸರಿ ಎಂದು ಕೇಳುತ್ತಾರೆ. ಇಲ್ಲಿ ಎರಡು ಬೇರೆ ಲೋಕಗಳು ಬೆರೆತುಹೋಗಿವೆ.

0, 1, 2, 3 ಇವುಗಳನ್ನು 4ರ ಶೇಷದ ಲೆಕ್ಕದಲ್ಲಿ ಇಟ್ಟರೆ ಅದು ಫೀಲ್ಡ್ ಅಲ್ಲ, ಏಕೆಂದರೆ 2 × 2 = 4, ಶೇಷ 0. ಸೊನ್ನೆಯಲ್ಲದ ಎರಡರ ಗುಣಲಬ್ಧ ಸೊನ್ನೆಯಾಯಿತು. ಎರಡನೇ ಸಾಲಿನ ಲೆಕ್ಕ ನಿಂತದ್ದೇ ಇದು ಆಗದು ಎಂಬ ಆಧಾರದ ಮೇಲೆ. (2, 0) ಎಂಬ ಸಾಲಿಗೆ ನಾಲ್ಕು ಗುಣಕ ಬರೆದು ನೋಡಿ: (0, 0), (2, 0), (0, 0), (2, 0). ಬೇರೆ ಬೇರೆ ಇರುವವು ಎರಡೇ. ಹೀಗಾಗಿ ಸೂತ್ರ ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಪ್ರೋಗ್ರಾಂ ಕೊಟ್ಟ 168 ಕೂಡ ವಿಲೋಮ ಇರುವವುಗಳ ಸಂಖ್ಯೆಯಲ್ಲ. ಡಿಟರ್ಮಿನೆಂಟ್ 2 ಆದರೆ ಅದು ಸೊನ್ನೆಯಲ್ಲ, ಆದರೆ 2ಕ್ಕೆ ವಿಲೋಮ ಇಲ್ಲ, ಹಾಗಾಗಿ ಮ್ಯಾಟ್ರಿಕ್ಸ್‌ಗೂ ಇಲ್ಲ. ಅಂಥವು 72 ಇವೆ. ಅವನ್ನು ತೆಗೆದರೆ 4ರ ಶೇಷದ ಲೋಕದಲ್ಲಿ ವಿಲೋಮ ಇರುವವು 96.

180 ಎಂಬುದು ನಾಲ್ಕು ಅಂಶಗಳ ನಿಜವಾದ ಫೀಲ್ಡ್‌ಗೆ ಸಂದ ಉತ್ತರ. ಅಂಥ ಫೀಲ್ಡ್ ಇದೆ. ಅವಿಭಾಜ್ಯ ಸಂಖ್ಯೆಯ ಘಾತಗಳಷ್ಟು ಅಂಶಗಳಿರುವ ಇಂಥ ವ್ಯವಸ್ಥೆಗಳ ಬಗ್ಗೆ ಫ್ರಾನ್ಸಿನ ಗಲ್ವಾ 1830ರಲ್ಲೇ ಲೇಖನ ಪ್ರಕಟಿಸಿದ್ದ. ಅಲ್ಲಿ ಅಂಶಗಳು 0, 1, w, w + 1; 1 + 1 = 0, w² = w + 1. ಪ್ರೋಗ್ರಾಂನಲ್ಲಿ ಅದನ್ನು ಎಣಿಸಬೇಕಾದರೆ ಈ ಕೂಡುವ, ಗುಣಿಸುವ ಪಟ್ಟಿಗಳನ್ನು ಬೇರೆಯಾಗಿ ಬರೆಯಬೇಕು, `% 4` ನಿಂದ ಅದು ಸಿಗುವುದಿಲ್ಲ.

ನಿಮ್ಮ ಸಂಖ್ಯೆ ಇಲ್ಲಿ ಯಾವುದಕ್ಕೂ ಹೊಂದದಿದ್ದರೆ

ಮೊದಲು ಭಾಗಾಕಾರದ ಪರೀಕ್ಷೆ ಮಾಡಿ. ಉಪಗ್ರೂಪಿನ ಗಾತ್ರ ಗ್ರೂಪಿನ ಗಾತ್ರವನ್ನು ಭಾಗಿಸಲೇಬೇಕು, ಇದು ಲಗ್ರಾಂಜ್ ಪ್ರಮೇಯ. ನಮ್ಮ ಗ್ರೂಪಿನೊಳಗೆ ಸುಲಭವಾಗಿ ಕಾಣುವ ಒಂದು ಉಪಗ್ರೂಪ್ ಇದೆ: ಎಡ ಕೆಳಮೂಲೆ ಸೊನ್ನೆ ಇರುವ ಮ್ಯಾಟ್ರಿಕ್ಸ್‌ಗಳು. ಕರ್ಣದ ಎರಡು ಅಂಶಗಳು ಸೊನ್ನೆಯಾಗಬಾರದು, ಬಲ ಮೇಲ್ಮೂಲೆ ಏನಾದರೂ ಇರಬಹುದು, ಹಾಗಾಗಿ 4 × 4 × 5 = 80. ಆದ್ದರಿಂದ ನಿಮ್ಮ ಉತ್ತರ 80ರಿಂದ ಭಾಗವಾಗಬೇಕು. 576, 552, 456, 500, 475, 120, 512 ಇವೆಲ್ಲ ಈ ಒಂದೇ ಜರಡಿಯಲ್ಲಿ ಉದುರಿಹೋಗುತ್ತವೆ. ಆದರೆ 240 = 80 × 3, ಅದು ಜರಡಿ ದಾಟುತ್ತದೆ. ಭಾಗವಾಗದಿದ್ದರೆ ತಪ್ಪು ಖಚಿತ, ಭಾಗವಾದರೆ ಸರಿ ಎಂದು ಖಚಿತವಿಲ್ಲ.

ಅದಕ್ಕೇ ಕೊನೆಗೆ ಸಾಲಿನ ಪರೀಕ್ಷೆ ಬೇಕು. ಮೊದಲ ಸಾಲನ್ನು ಒಂದೊಂದಾಗಿ ಹಿಡಿದಿಟ್ಟು, ಅದರ ಜೊತೆ ಎಷ್ಟು ಎರಡನೇ ಸಾಲುಗಳು ಪಾಸಾದವು ಎಂದು ಅಚ್ಚು ಹಾಕಿಸಿ:

```python
p = 5
for a in range(p):
    for b in range(p):
        k = sum((a*d - b*c) % p != 0
                for c in range(p) for d in range(p))
        print(a, b, k)
```

ನಡುವಿನ ಷರತ್ತಿನ ಜಾಗದಲ್ಲಿ ನಿಮ್ಮ ಪ್ರೋಗ್ರಾಂನ ಷರತ್ತನ್ನೇ ಇಡಿ. ಎಲ್ಲ ಸರಿಯಿದ್ದರೆ `0 0` ಎದುರಿಗೆ 0, ಉಳಿದ 24 ಸಾಲುಗಳ ಎದುರಿಗೂ 20 ಬರಬೇಕು. ಶೇಷ ಬಿಟ್ಟ ಪ್ರೋಗ್ರಾಂನಲ್ಲಿ `1 0` ಮತ್ತು `1 1` ಎದುರಿಗೆ 20 ಸರಿಯಾಗಿಯೇ ಬರುತ್ತದೆ, `1 2` ಎದುರಿಗೆ 22, `4 3` ಎದುರಿಗೆ 23. ಈಗ (1, 2) ಎದುರಿಗೆ ಯಾವ ಎರಡು ಸಾಲುಗಳು ಹೆಚ್ಚಾಗಿ ನುಗ್ಗಿವೆ ಎಂದು ಆ ವಿದ್ಯಾರ್ಥಿನಿ ಬರೆದ ಐದು ಗುಣಕಗಳ ಜೊತೆ ತಾಳೆ ನೋಡಿ. (0, 0), (1, 2), (2, 4) ಮೂರೂ ಪೂರ್ಣಾಂಕಗಳಲ್ಲೂ ಗುಣಕಗಳೇ, ಅವು ಹೊರಗೇ ಉಳಿದಿವೆ. ನುಗ್ಗಿದವು (3, 1) ಮತ್ತು (4, 3). ಒಂದರ ಜೊತೆ 1·1 − 2·3, ಇನ್ನೊಂದರ ಜೊತೆ 1·3 − 2·4, ಎರಡೂ −5. ಷರತ್ತಿಗೆ `% p` ಸೇರಿಸಿದ ಕೂಡಲೇ ಎರಡೂ ಹೊರಗೆ ಹೋಗಿ ಆ ಸಾಲಿನ ಎದುರು 20 ನಿಲ್ಲುತ್ತದೆ.